ಪಟ್ಟಿಯಲ್ಲಿ ಉಳಿದುಹೋದ ನಂಬರು

ವಾರಿಜಾ ಫೋನ್ ಕಂಪನಿಯಲ್ಲಿದ್ದಾಳೆ ಎಂಬುದು ಬದಿಯಡ್ಕದ ನೆಂಟರಿಗೆಲ್ಲ ಗೊತ್ತು. ಅಲ್ಲಿ ಏನು ಮಾಡುತ್ತಾಳೆ ಎಂಬುದು ಇಪ್ಪತ್ತು ವರ್ಷವಾದರೂ ಒಬ್ಬರ ತಲೆಗೂ ಹೋಗಿಲ್ಲ. ಮದುವೆಮನೆಯಲ್ಲಿ ಸಿಕ್ಕಿದವರು ಎಲೆಯ ಮುಂದೆ ಕೂತೇ ಯಾವ ರೀಚಾರ್ಜ್ ಲಾಭ ಎಂದು ಕೇಳುತ್ತಾರೆ. ದೊಡ್ಡಪ್ಪನ ಮಗನೊಬ್ಬ ತನ್ನ ಗುಡ್ಡದ ಮನೆಗೆ ಟವರ್ ಹಾಕಿಸಿಕೊಡು ಎಂದು ಹತ್ತು ವರ್ಷದಿಂದ ಬೆನ್ನು ಬಿದ್ದಿದ್ದಾನೆ. ವಾರಿಜಾ ನಕ್ಕು ಪಾಯಸಕ್ಕೆ ಕೈ ಹಾಕುತ್ತಾಳೆ. ಹೇಳಿದರೆ ಕೇಳುವ ತಾಳ್ಮೆ ಯಾರಿಗಿದೆ?

ಅವಳಿರುವುದು ಕಾಕ್ಕನಾಡಿನಲ್ಲಿ, ಐಟಿ ಪಾರ್ಕಿನ ಹಿಂದಿನ ರಸ್ತೆಯ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಹೊರಗೆ ಕೊಚ್ಚಿಯ ಸೆಖೆ, ಒಳಗೆ ಸ್ವೆಟರ್ ಬೇಕಾಗುವಷ್ಟು ಚಳಿ. ಕೇರಳದ ಯಾವ ಮೂಲೆಯಿಂದಲಾದರೂ ಅವಳ ಕಂಪನಿಯ ಸಿಮ್ಮಿನವರು ಒಂದು ನಂಬರು ಒತ್ತಿದರೆ, ಆ ಕರೆ ಯಾವ ದಾರಿ ಹಿಡಿಯಬೇಕು ಎಂದು ತಿಳಿಸುವ ಕೋಷ್ಟಕಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಕರೆ ಬಂದಾಗ ಯಂತ್ರಕ್ಕೆ ಮೊದಲು ಬೇಕಾಗುವುದು ಆ ನಂಬರು ಯಾವ ಕಂಪನಿಯದು ಎಂಬ ಉತ್ತರ. ಹಿಂದೆ ಮೊದಲ ನಾಲ್ಕೈದು ಅಂಕೆ ನೋಡಿದರೆ ಸಾಕಿತ್ತು, ಜಾತಕ ಗೊತ್ತಾಗುತ್ತಿತ್ತು. ಎರಡು ಸಾವಿರದ ಹನ್ನೊಂದರಲ್ಲಿ ನಂಬರು ಬದಲಾಯಿಸದೆ ಕಂಪನಿ ಬದಲಾಯಿಸಬಹುದು ಎಂಬ ನಿಯಮ ಬಂತು. ಅಲ್ಲಿಂದ ಅಂಕೆಗಳ ಮೇಲಿನ ನಂಬಿಕೆ ಹೋಯಿತು. ಯಾರು ಯಾವ ಕಂಪನಿಗೆ ದಾಟಿದರು ಎಂಬ ಪೋರ್ಟಿಂಗ್ ಪುಸ್ತಕವೊಂದು ಹುಟ್ಟಿಕೊಂಡಿತು. ಪುಸ್ತಕ ಎಂದರೆ ಕಾಗದದ್ದಲ್ಲ, ಕಂಪ್ಯೂಟರಿನದು. ಪ್ರತಿ ಕಂಪನಿಯೂ ಅದರ ಒಂದು ಪ್ರತಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಯಾರೇ ದಾಟಿದರೂ ನಡುವೆ ಕೂತಿರುವ ಒಂದು ಸಂಸ್ಥೆ ಎಲ್ಲರಿಗೂ ತಿಳಿಸುತ್ತದೆ, ಎಲ್ಲರೂ ತಮ್ಮ ಪ್ರತಿ ತಿದ್ದಿಕೊಳ್ಳುತ್ತಾರೆ.

ಆ ವರ್ಷ ಹೊಸ ಏರ್ಪಾಡು ಜೋಡಿಸಲು ವಾರಿಜಾಳನ್ನು ಮೂರು ತಿಂಗಳು ತಿರುವನಂತಪುರಕ್ಕೆ ಕಳಿಸಿದ್ದರು. ಉಳಿದುಕೊಂಡದ್ದು ತಿರುವಲ್ಲಂನ ವೀರಭದ್ರ ಅವರ ಮನೆಯಲ್ಲಿ. ಹಾವೇರಿ ಕಡೆಯವರು, ಬಾಹ್ಯಾಕಾಶ ಕೇಂದ್ರದ ವರ್ಕ್‌ಶಾಪಿನಲ್ಲಿ ಲೋಹ ಕೊರೆಯುವ ಕೆಲಸ. ಹೆಂಡತಿ ಶಾಂತಾ. ಮಗ ಅದ್ವೈತ್ ಆಗ ಹತ್ತು ವರ್ಷದ ಹುಡುಗ, ಅವ್ವ ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ಉತ್ತರ ಕೊಡುವವ. ಶಾಂತಾಳ ರೊಟ್ಟಿ, ಪುಂಡಿಪಲ್ಲೆ ತಿಂದು ವಾರಿಜಾ ಮೂರು ತಿಂಗಳಲ್ಲಿ ಮೂರು ಕಿಲೋ ಏರಿದ್ದಳು.

ಹೊಸ ಯಂತ್ರವನ್ನು ಪರೀಕ್ಷಿಸಲು ಆ ತುದಿಯಲ್ಲಿ ಎತ್ತಿ ಮಾತಾಡುವ ಒಂದು ಜೀವ ಬೇಕು. ಕಂಪನಿ ಕೊಟ್ಟ ಪರೀಕ್ಷೆಯ ಸಿಮ್ಮುಗಳನ್ನು ಎತ್ತುವವರಿರಲಿಲ್ಲ. ಅದಕ್ಕೆ ಈ ಕೆಲಸದವರಲ್ಲಿ ಒಂದು ರೂಢಿ: ತಮ್ಮದು, ಗಂಡನದು, ಗೆಳತಿಯದು, ಹೀಗೆ ಕೈಗೆ ಸಿಕ್ಕ ನಂಬರುಗಳನ್ನೇ ಪರೀಕ್ಷೆಯ ಪಟ್ಟಿಗೆ ಸೇರಿಸಿಬಿಡುವುದು. ಪಟ್ಟಿಯಲ್ಲಿದ್ದ ನಂಬರಿಗೆ ಎರಡು ಸವಲತ್ತು. ಅದಕ್ಕೆ ಕರೆ ಬಂದರೆ ಯಂತ್ರ ಪೋರ್ಟಿಂಗ್ ಪುಸ್ತಕ ತೆರೆಯುವುದೇ ಇಲ್ಲ, ನಮ್ಮದೇ ಎಂದು ತಿಳಿದು ನೇರ ಒಳಗೆ ಕಳಿಸುತ್ತದೆ. ಮತ್ತೆ, ತನ್ನ ಸಿಮ್ಮುಗಳು ಎಲ್ಲಿವೆ, ಆನೋ ಆಫೋ ಎಂದು ಕಂಪನಿ ಬರೆದಿಡುವ ಹೋಮ್ ರಿಜಿಸ್ಟರಿನಿಂದ ಆ ನಂಬರನ್ನು ತಾನಾಗಿ ನಡೆಯುವ ಯಾವ ಆದೇಶವೂ ಅಳಿಸುವುದಿಲ್ಲ. ವಾರಿಜಾ ಸೇರಿಸಿದ್ದು ಹನ್ನೊಂದು ನಂಬರು. ಒಂದು ಅವಳದೇ, ಒಂದು ಶಾಂತಾಳದು.

ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಕರೆ ಮಾಡುತ್ತಿದ್ದಳು. "ಹಲೋ ಶಾಂತಕ್ಕ, ಕೇಳ್ತದಾ?"

"ಕೇಳ್ತದ ತಂಗಿ. ಊಟ ಮಾಡಿದೇನು?"

ಹನ್ನೊಂದಕ್ಕೆ ಯಾರು ಊಟ ಮಾಡುತ್ತಾರೆ? ಆದರೂ ಆ ಮಾತು ಇಬ್ಬರ ನಡುವೆ ಹದಿನಾಲ್ಕು ವರ್ಷ ಉಳಿಯಿತು. ಪರೀಕ್ಷೆ ಮುಗಿದರೂ ತಿಂಗಳಿಗೆ ಎರಡು ಸಲ ಕರೆ, ಅದೇ ಪ್ರಶ್ನೆ, ಅದೇ ಉತ್ತರ. ಪಟ್ಟಿಯನ್ನು ಅಳಿಸುವ ಕೆಲಸವನ್ನು ಮಹೇಶ್ವರ ವಹಿಸಿಕೊಂಡಿದ್ದರು. ಮಹೇಶ್ವರ ಎಂದರೆ ವಾರಿಜಾಳ ಮೇಲಧಿಕಾರಿ, ಕುಂಬಳೆಯವರು, ಅವಳಿಗೆ ಕೆಲಸ ಕೊಡಿಸಿದವರು, ಕರೆಗಳನ್ನು ದಾಟಿಸುವ ಸ್ವಿಚ್ಚಿನ ಒಳಹೊರಗೆಲ್ಲ ಕೈಹಿಡಿದು ಕಲಿಸಿದವರು. ಮೀಟಿಂಗಿನಲ್ಲಿ ಅವಳು ಸರ್ ಅನ್ನುತ್ತಾಳೆ, ಇಬ್ಬರೇ ಇದ್ದಾಗ ಮಹೇಶಣ್ಣ. ಅಪ್ಪ ತೀರಿಕೊಂಡ ಮೇಲೆ ಅವಳು ಯಾರಿಗಾದರೂ ಹೆದರಿ ನಡೆದದ್ದಿದ್ದರೆ, ಯಾರನ್ನಾದರೂ ಕಣ್ಣುಮುಚ್ಚಿ ನಂಬಿದ್ದಿದ್ದರೆ, ಅದು ಈ ಮನುಷ್ಯನನ್ನು.

ಮಹೇಶ್ವರ ಪಟ್ಟಿ ಅಳಿಸಲಿಲ್ಲ. ಅಳಿಸಿದೆ ಎಂದು ಬರೆದು ಸಹಿ ಮಾಡಿದರು. ಪ್ರತಿ ವರ್ಷದ ತಪಾಸಣೆಯಲ್ಲೂ ಮಾಡಿದರು. ಯಂತ್ರಗಳು ಬದಲಾದವು, ಹಳೆಯದರ ಕೋಷ್ಟಕಗಳನ್ನು ಹೊಸದಕ್ಕೆ ಇದ್ದಂತೆಯೇ ನಕಲು ಮಾಡಿದರು, ಹನ್ನೊಂದು ನಂಬರುಗಳೂ ಸದ್ದಿಲ್ಲದೆ ಜೊತೆಗೆ ಬಂದವು. ಆ ಹನ್ನೊಂದು ಜನರಲ್ಲಿ ಯಾರೂ ಕಂಪನಿ ಬಿಡಲಿಲ್ಲವಾದ್ದರಿಂದ ಏನೂ ಕೆಡಲಿಲ್ಲ. ಕಳೆದ ಜೂನಿನಲ್ಲಿ ಶಾಂತಾ ಬಿಟ್ಟಳು.

ಬಿಟ್ಟದ್ದು ಇಷ್ಟಕ್ಕೇ: ಹೊಸದಾಗಿ ಹೋದ ಫ್ಲ್ಯಾಟಿನ ಅಡುಗೆಮನೆಯಲ್ಲಿ ಸಿಗ್ನಲ್ ಬರುತ್ತಿರಲಿಲ್ಲ. ಹೇಗೆ ಬಿಡುವುದು ಎಂದು ಹೇಳಿಕೊಟ್ಟದ್ದೂ ವಾರಿಜಾಳೇ. ನಿವೃತ್ತರಾಗಿ ಎರಡು ವರ್ಷವಾಗಿದ್ದ ವೀರಭದ್ರ ಮಾತ್ರ ಒಪ್ಪಲಿಲ್ಲ. ನಮ್ಮ ಹುಡುಗಿಯ ಕಂಪನಿ ಬಿಟ್ಟು ಹೋಗುವುದು ಸರಿಯಲ್ಲ ಎಂದು ಅವರ ವಾದ. ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಶಾಂತಾ ಹಳೆಯ ಸಿಮ್ ತೆಗೆದು ಹೊಸದನ್ನು ಹಾಕುವಾಗ ಗಂಡ ಹೆಂಡತಿಗೆ ಸಣ್ಣ ಜಗಳವೂ ಆಯಿತು. ಶಾಂತಾಳಿಗೆ ಸಿಟ್ಟು ಬಂದರೆ ಫೋನ್ ಆರಿಸಿಡುವ ಅಭ್ಯಾಸ, ಅದು ಮನೆಯವರಿಗೆಲ್ಲ ತಿಳಿದ ವಿಷಯ. ವೀರಭದ್ರ ಬಸ್‌ಸ್ಟಾಪಿನಿಂದ ಕೊಚ್ಚಿಯಲ್ಲಿದ್ದ ಮಗನಿಗೆ ಕರೆ ಮಾಡಿ, ನಿಮ್ಮವ್ವ ಇವತ್ತು ಫೋನ್ ಬಂದ್ ಮಾಡೋ ದಿನ ಎಂದು ನಗೆಯಾಡಿದರು. ಆಮೇಲೆ ವಿಳಿಂಜಂನ ಬಸ್ಸು ಹತ್ತಿದರು. ಹೊಸ ಬಂದರಿನಲ್ಲಿ ದೊಡ್ಡ ಹಡಗುಗಳಿಂದ ಕ್ರೇನುಗಳು ಕಂಟೇನರ್ ಎತ್ತುವುದನ್ನು ನೋಡುವುದು ಅವರ ಶನಿವಾರದ ಖುಷಿ.

ಅಲ್ಲಿ ಇಬ್ರಾಹಿಂ ಎಂಬವರ ಚಹದಂಗಡಿಯ ಬೆಂಚಿನ ಮೇಲೆ ಎಂಟೂ ಇಪ್ಪತ್ತಕ್ಕೆ ಅವರಿಗೆ ಎದೆ ಹಿಡಿಯಿತು. ನಾಲಗೆಯಡಿ ಇಡುವ ಗುಳಿಗೆ ಶಾಂತಾಳ ಚೀಲದಲ್ಲಿ. ಅವಳಿದ್ದದ್ದು ಏಳು ಕಿಲೋಮೀಟರ್ ಆಚೆ. ವೀರಭದ್ರ ಅವಳಿಗೆ ಮೂರು ಸಲ ಕರೆ ಮಾಡಿದರು. ಇಬ್ರಾಹಿಂ ತನ್ನ ಫೋನಿನಿಂದ ಒಂದು ಸಲ ಮಾಡಿದರು, ಅವರ ಸಿಮ್ಮೂ ವೀರಭದ್ರರದರ ಹಾಗೆ ವಾರಿಜಾಳ ಕಂಪನಿಯದೇ. ನೀವು ಕರೆ ಮಾಡಿದ ಚಂದಾದಾರರು ಫೋನ್ ಸ್ವಿಚ್ ಆಫ್ ಮಾಡಿದ್ದಾರೆ ಎಂದು ನಾಲ್ಕು ಸಲವೂ ಉತ್ತರ ಬಂತು. ಆಸ್ಪತ್ರೆಗೆ ಹೋಗೋಣ ಎಂದರೆ ವೀರಭದ್ರ ತಲೆಯಾಡಿಸಿದರು: ಈಗ ಫೋನ್ ಹಾಕುತ್ತಾಳೆ, ಬರುತ್ತಾಳೆ. ಇಪ್ಪತ್ತೈದು ನಿಮಿಷ ಕಾದು, ಕೊನೆಗೆ ಇಬ್ರಾಹಿಂ ಅವರನ್ನು ಬಲವಂತವಾಗಿ ಆಟೋಗೆ ಹಾಕಿಕೊಂಡು ಹೊರಟರು. ದಾರಿಯಲ್ಲೇ ಮುಗಿಯಿತು. ಅರ್ಧ ಗಂಟೆ ಮೊದಲು ಬಂದಿದ್ದರೆ ಎಂದು ಡಾಕ್ಟರು ಅಂದರಂತೆ. ಒಂಬತ್ತೂ ಐವತ್ತಕ್ಕೆ ಆಸ್ಪತ್ರೆಯ ಲ್ಯಾಂಡ್‌ಲೈನಿನಿಂದ ಶಾಂತಾಳಿಗೆ ಕರೆ ಹೋಯಿತು. ಅದು ಬೇರೆ ಕಂಪನಿಯ ಲೈನು, ಮೊದಲ ರಿಂಗಿಗೇ ಅವಳು ಎತ್ತಿದಳು.

ಅದ್ವೈತ್ ಬಂದವನು ಲೆಕ್ಕ ಹಾಕಿದ. ಎಂಟೂವರೆಗೆ ಆಫ್, ಒಂಬತ್ತೂ ಐವತ್ತಕ್ಕೆ ಆನ್. ಅಪ್ಪನ ನಗೆಮಾತು ಕಿವಿಯಲ್ಲೇ ಇತ್ತು. ಅವನು ತಾಯಿಯ ಜೊತೆ ಜಗಳವಾಡಲಿಲ್ಲ, ಮಾತು ಬಿಟ್ಟ. ಜಗಳವಾಡಿದ್ದರೆ ಒಳ್ಳೆಯದಿತ್ತು.

ಊರಿಗೆ ಹೋಗಿ ಮಣ್ಣು ಮಾಡಿ ಅವರು ಹಿಂದಿರುಗಿದ ಮೇಲೆ, ಗುರುವಾರ, ವಾರಿಜಾ ಬೆಳಗಿನ ರೈಲಿನಲ್ಲಿ ಹೋದಳು. ಅದ್ವೈತನ ಮೆಸೇಜಿನಿಂದ ಸುದ್ದಿ ತಿಳಿದು, ನಾಲ್ಕು ದಿನದಿಂದ ಶಾಂತಾಳಿಗೆ ಕರೆ ಮಾಡುತ್ತಲೇ ಇದ್ದಳು, ಆಫ್ ಎಂದೇ ಬರುತ್ತಿತ್ತು. ದುಃಖದಲ್ಲಿರುವವರು ಆರಿಸಿಡುವುದು ಸಹಜ ಎಂದುಕೊಂಡಿದ್ದಳು. ಅದ್ವೈತ್ ಮರಣಪತ್ರಕ್ಕಾಗಿ ಕಾರ್ಪೊರೇಷನ್ ಆಫೀಸಿಗೆ ಹೋಗಿದ್ದ. ಶಾಂತಾ ಒಬ್ಬಳೇ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು, ಎದುರಿಗೆ ಫೋನು.

"ನಾ ಬಂದ್ ಮಾಡಿದ್ದಿಲ್ಲ ತಂಗಿ. ಕೈಯಾಗs ಹಿಡ್ಕೊಂಡಿದ್ದೆ. ಅವರು ಫೋನ್ ಮಾಡ್ಲಿ, ಮಾಡಿದ್ರ ಸಿಟ್ಟು ಬಿಡೂಣು ಅಂತ ಕುಂತಿದ್ದೆ. ಒಂದs ಒಂದು ಫೋನ್ ಬರ್ಲಿಲ್ಲ. ಮಗ ನಂಬಂಗಿಲ್ಲ."

ವಾರಿಜಾ ತನ್ನ ಫೋನಿನಿಂದ ಶಾಂತಾಳ ನಂಬರು ಒತ್ತಿದಳು. ನೆಲದ ಮೇಲಿನ ಫೋನು ಬೆಳಕಾಗಿಯೇ ಇತ್ತು, ಸಿಗ್ನಲ್ಲಿನ ನಾಲ್ಕೂ ಗೆರೆ ಇದ್ದವು. ಕಿವಿಯಲ್ಲಿ ಅದೇ ಹೆಣ್ಣುದನಿ: ಸ್ವಿಚ್ ಆಫ್ ಮಾಡಿದ್ದಾರೆ. ಪಕ್ಕದ ಫ್ಲ್ಯಾಟಿನ ಐಶ್ವರ್ಯಳ ಬೇರೆ ಕಂಪನಿಯ ಫೋನು ಬೇಡಿ ತಂದು ಒತ್ತಿದಳು. ರಿಂಗಾಯಿತು. ಬೇರೆಯವರ ಪುಸ್ತಕವೆಲ್ಲ ಸರಿಯಾಗಿದೆ, ನಮ್ಮ ಸ್ವಿಚ್ಚು ಮಾತ್ರ ಪುಸ್ತಕವನ್ನೇ ನೋಡುತ್ತಿಲ್ಲ. ಯಾಕೆ ಎಂದು ಕೇಳಿಕೊಂಡ ಕ್ಷಣಕ್ಕೇ ಹನ್ನೊಂದು ಗಂಟೆಯ ಆ ಕರೆಗಳೆಲ್ಲ ಅವಳ ನೆನಪಿಗೆ ಬಂದವು.

"ಫೋನ್ ಚಾಲೂ ಇತ್ತಿಲ್ಲೋ ವಾರಿಜಾ? ನಿನಗ ಗೊತ್ತಾಗ್ತದಲ್ಲ, ಹೇಳು."

"ಇತ್ತು ಶಾಂತಕ್ಕ. ತಪ್ಪು ನಮ್ಮ ಕಂಪನಿಯದ್ದು. ಅದ್ವೈತ್ ಹತ್ರ ಒಂದು ದೂರು ಬರೆಸಿ ಕಳಿಸಿ. ಫೋನ್ ಆಫ್ ಇರ್ಲಿಲ್ಲ ಅಂತ ನಾನು ಕಂಪನಿಯಿಂದಲೇ ಬರೆಸಿ ಕೊಡ್ತೇನೆ."

ಶಾಂತಾ ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು. ಗಂಡ ಹೋದದ್ದಕ್ಕೆ ಅತ್ತು ಮುಗಿದಿತ್ತೇನೋ, ಇದು ಬೇರೆಯ ಅಳು.

ಮರುದಿನ ಕಾಕ್ಕನಾಡಿನಲ್ಲಿ ವಾರಿಜಾ ಪಟ್ಟಿ ತೆರೆದಳು. ಹನ್ನೊಂದೂ ಇದ್ದವು, ಪಕ್ಕದಲ್ಲಿ ಅವಳದೇ ಲಾಗಿನ್ ಹೆಸರು. ಶಾಂತಾಳ ಹಳೆಯ ದಾಖಲೆ ಹೋಮ್ ರಿಜಿಸ್ಟರಿನಲ್ಲಿ ಹಾಗೇ ಕೂತಿತ್ತು. ಕೊನೆಯ ಸಲ ಕಂಡದ್ದು ಶನಿವಾರ ಬೆಳಿಗ್ಗೆ ಆರಕ್ಕೆ, ಈಗ ಆಫ್. ಆರಕ್ಕೆ ತೆಗೆದಿಟ್ಟ ಸಿಮ್ಮಿಗಾಗಿ ಯಂತ್ರ ಆರು ದಿನದಿಂದ ನಿಷ್ಠೆಯಿಂದ ಸುಳ್ಳು ಹೇಳುತ್ತಿತ್ತು. ಅವಳು ಪರದೆಯನ್ನು ಕಾಗದಕ್ಕೆ ಇಳಿಸಿ ಮಹೇಶ್ವರರ ಕೋಣೆಗೆ ಹೋದಳು.

ಮಹೇಶ್ವರ ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. "ಛೆ. ಎಂಥ ಗ್ರಹಚಾರ ನೋಡು," ಎಂದರು. "ನೀನು ಹೆದರ್ಬೇಡ. ಅಳಿಸ್ಬೇಕಾದದ್ದು ನಾನು, ಅದನ್ನು ನಾನೇ ಬರೀತೇನೆ. ಮೊದ್ಲು ಆ ನಂಬರೊಂದನ್ನು ತೆಗೆದುಬಿಡು, ಇನ್ನೂ ಯಾರ್ಯಾರ ಕರೆ ತಪ್ಪುತ್ತಾ ಉಂಟೋ. ಉಳಿದದ್ದಕ್ಕೆ ಕಮಿಟಿ ಒಪ್ಪಿಗೆ ಬೇಕು, ಆಮೇಲೆ ನೋಡುವ. ಆ ಕಾಗದ ಇಲ್ಲೇ ಇರ್ಲಿ. ಮತ್ತೆ, ಉತ್ತರ ಹೋಗುವವರೆಗೆ ಆ ಮನೆಯವರ ಹತ್ರ ಮಾತಾಡ್ಲಿಕ್ಕೆ ಹೋಗ್ಬೇಡ. ಕಾನೂನಿನ ವಿಷಯ ಮಾರಾಯ್ತಿ, ನಿನಗೇ ಕಷ್ಟ."

ಮಾತಿನಲ್ಲಿ ಎಲ್ಲೂ ವಕ್ರವಿರಲಿಲ್ಲ. ತಪ್ಪಿರುವ ದಾಖಲೆಯನ್ನು ತಕ್ಷಣ ಸರಿಪಡಿಸಬೇಕು, ನಿಜ. ಅವಳು ತನ್ನ ಲಾಗಿನ್ನಿನಿಂದಲೇ ಶಾಂತಾಳ ನಂಬರನ್ನು ಪಟ್ಟಿಯಿಂದಲೂ ರಿಜಿಸ್ಟರಿನಿಂದಲೂ ತೆಗೆದಳು. ಕೂಡಲೇ ತನ್ನ ಫೋನಿನಿಂದ ಕರೆ ಮಾಡಿದರೆ ರಿಂಗಾಗತೊಡಗಿತು. ಶಾಂತಾ ಎತ್ತುವ ಮೊದಲೇ ಕಟ್ ಮಾಡಿದಳು, ಮಹೇಶಣ್ಣ ಹೇಳಿದ್ದರಲ್ಲ. ಮುಂದಿನ ಎರಡು ವಾರ ಶಾಂತಾ ಮೂರು ಸಲ ಕರೆ ಮಾಡಿದಳು. ವಾರಿಜಾ ಎತ್ತಲಿಲ್ಲ. ಕೈಯಲ್ಲಿ ಉತ್ತರವಿಟ್ಟುಕೊಂಡೇ ಮಾತಾಡೋಣ ಎಂದುಕೊಂಡಳು. ತನ್ನ ಹೇಡಿತನಕ್ಕೆ ಶಿಸ್ತು ಎಂಬ ಚೆಂದದ ಹೆಸರಿಟ್ಟಿದ್ದಳು, ಅಷ್ಟೇ.

ಹದಿನಾರನೆಯ ದಿನ ಶಾಂತಾಳ ಕರೆ ಬಂತು. ಅವತ್ತು ಯಾಕೋ ಎತ್ತಿದಳು.

"ಕಾಗದ ಬಂತು ನಿಮ್ಮ ಕಂಪನೀದು," ಶಾಂತಾ ಮೆಲ್ಲಗೆ ಹೇಳಿದಳು. "ಅದ್ವೈತ್ ಓದಿ ಹೇಳಿದ. ಫೋನ್ ಬಂದ್ ಇತ್ತು, ನಮ್ಮದೇನೂ ತಪ್ಪಿಲ್ಲ ಅಂತ ಬರದಾರ. ತಪಾಸ ಮಾಡಿದಾಕಿ ವಾರಿಜಾ ಅಂತ ಕೆಳಗ ನಿನ್ನ ಹೆಸರದ. ನೋಡು, ನಿನ್ನ ಗೆಳತಿನs ಬರದಾಳ ಅಂದ. ಅಪ್ಪ ಸತ್ತ ಮ್ಯಾಲ ಇದs ಮೊದಲನೇ ಮಾತು ಅವ ನನ್ನ ಕೂಡ ಆಡಿದ್ದು, ದೂರು ಬರಿವಾಗೂ ತುಟಿ ಬಿಚ್ಚಿದ್ದಿಲ್ಲ."

"ಶಾಂತಕ್ಕ, ನಾನು ಬರೆದದ್ದಲ್ಲ ಅದು."

"ಯಾರು ಬರದ್ರೇನು ಬಿಡು. ಬರ್ಕೊಡ್ತೀನಿ ಅಂದಾಕಿ ನೀನs. ನಾ ಎಲ್ಲಾರಿಗೂ ಹೇಳ್ಕೋತ ಕುಂತಿದ್ದೆ, ವಾರಿಜಾ ಬರ್ಕೊಡ್ತಾಳ ಅಂತ."

ಕರೆ ಕಟ್ಟಾಯಿತು. ವಾರಿಜಾ ನೇರ ಮಹೇಶ್ವರರ ಕೋಣೆಗೆ ನುಗ್ಗಿದಳು. ಬಾಗಿಲು ತಟ್ಟದೆ ಒಳಗೆ ಹೋದದ್ದು ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

"ನನ್ನ ಹೆಸರಲ್ಲಿ ಸುಳ್ಳು ಬರೆದ್ರಿ ನೀವು."

"ಸುಳ್ಳು ಎಲ್ಲುಂಟು?" ಮಹೇಶ್ವರರ ದನಿ ಏರಲಿಲ್ಲ. "ರಿಜಿಸ್ಟರ್ ಎಂತ ಹೇಳ್ತಿತ್ತು? ಆಫ್ ಅಂತ. ಅದನ್ನೇ ಬರೆದದ್ದು. ನೀನು ನೋಡಿ ತಂದದ್ದೂ ಅದನ್ನೇ ಅಲ್ವಾ?"

"ಆ ಕಾಗದ ಕೊಡಿ."

"ಯಾವ ಕಾಗದ?" ಎಂದು ಅವರು ಅವಳನ್ನು ನೋಡಿದರು. ಮಗುವಿಗೆ ಸುಮ್ಮನಿರಲು ಹೇಳುವ ಹಾಗೆ, ಪ್ರೀತಿಯಿಂದಲೇ ನೋಡಿದರು. ಅವಳಿಗೆ ಹೆದರಿಕೆಯಾದದ್ದು ಆ ಪ್ರೀತಿಗೆ. "ವಾರಿಜಾ, ನನಗೆ ಎರಡು ತಿಂಗಳಲ್ಲಿ ರಿಟೈರ್ಮೆಂಟ್. ನಂಬರ್ ಸೇರಿಸಿದ್ದು ನಿನ್ನ ಲಾಗಿನ್. ತೆಗೆದದ್ದೂ ನಿನ್ನ ಲಾಗಿನ್, ಅದೂ ದೂರು ಬರುವ ಮೊದ್ಲು. ಯಾರಾದ್ರೂ ಕೇಳಿದ್ರೆ ಎಂತ ಹೇಳ್ತಿ? ಹೋದ ಜನ ವಾಪಸ್ ಬರ್ತಾರಾ? ಮನೆಗೆ ಹೋಗು. ಒಂದು ವಾರ ರಜೆ ಹಾಕು."

ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಮೊದಲ ವರ್ಷ ಒಂದು ಕೋಷ್ಟಕ ತಪ್ಪಿ ಕೊಚ್ಚಿ ಪಕ್ಕದ ಇಡೀ ಏಲೂರಿನ ಕರೆಗಳು ನಿಂತಾಗ, ತಪ್ಪು ತನ್ನದು ಎಂದು ಮೇಲಿನವರ ಮುಂದೆ ನಿಂತವರು ಇದೇ ಮಹೇಶಣ್ಣ. ಆ ಋಣ ಹೊತ್ತೇ ಅವಳು ಇವರು ಹೇಳಿದ್ದನ್ನೆಲ್ಲ ಮಾಡಿದ್ದು. ಇಪ್ಪತ್ತು ವರ್ಷ ಸಾಕಿ ಹೀಗೆ ಬಳಸಿಕೊಂಡರಲ್ಲ ಎಂದು ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು, ಶಾಂತಕ್ಕನ ಮೂರು ಕರೆಗಳನ್ನು ತಾನು ಎತ್ತದೆ ಬಿಟ್ಟದ್ದಕ್ಕೆ.

ಮೋಸ ಮಾಡುವವರೂ ಅವಸರದಲ್ಲಿ ಒಂದೊಂದು ಮರೆಯುತ್ತಾರೆ. ಮಹೇಶ್ವರ ತೆಗೆಸಿದ್ದು ಒಂದೇ ನಂಬರು. ಉಳಿದ ಹತ್ತಕ್ಕೆ ಕಮಿಟಿಯ ಒಪ್ಪಿಗೆ ಬೇಕು ಎಂದಿದ್ದರು, ಕಮಿಟಿಗೆ ಹೇಳಲು ಹೋಗಲಿಲ್ಲ, ಹೇಳಿದರೆ ಹಳೆಯ ಸಹಿಗಳೆಲ್ಲ ಹೊರಬೀಳುತ್ತವೆ. ಆ ಹತ್ತರಲ್ಲಿ ಒಂದು ವಾರಿಜಾಳ ಸ್ವಂತ ನಂಬರು. ಮೆಟ್ಟಿಲ ಮೇಲೆ ಕೂತೇ ಅವಳು ಸಾವಿರದ ಒಂಬೈನೂರಕ್ಕೆ ಪೋರ್ಟ್ ಎಂದು ಸಂದೇಶ ಕಳಿಸಿದಳು. ಎಂಟು ಅಕ್ಷರದ ಕೋಡು ಬಂತು. ಸಂಜೆ ಬೇರೊಂದು ಕಂಪನಿಯ ಅಂಗಡಿಗೆ ಹೋಗಿ ಆಧಾರ್ ಕೊಟ್ಟು ಹೊಸ ಸಿಮ್ ತಂದಳು. ಅಂಗಡಿಯ ಹುಡುಗಿ ತನುಶ್ರೀ, ಹಳೆ ಕಂಪನಿಯಲ್ಲಿ ಏನು ತೊಂದರೆ ಮೇಡಂ ಎಂದು ಮಾಮೂಲಿನಂತೆ ಕೇಳಿದಳು. ಸಿಗ್ನಲ್ ಇಲ್ಲ ಎಂದಳು ವಾರಿಜಾ.

ನಾಲ್ಕನೆಯ ದಿನ ಬೆಳಿಗ್ಗೆ ಹೊಸ ಕಂಪನಿಯಿಂದ ಮೇಲ್ ಬಂತು, ನಿಮ್ಮ ನಂಬರು ಈಗ ನಮ್ಮಲ್ಲಿ ಎಂದು. ಆ ಹೊತ್ತಿಗೆ ಹಳೆಯ ಸಿಮ್ ಸಾಯಬೇಕು. ಸತ್ತಿರಲಿಲ್ಲ. ನಾಲ್ಕು ಗೆರೆ ತೋರಿಸುತ್ತ ಬದುಕಿತ್ತು. ಅಳಿಸುವ ಆದೇಶ ಬಂದು, ಪಟ್ಟಿ ನೋಡಿ, ಮುಟ್ಟದೆ ಹೋಗಿದೆ. ಅವಳು ಫೋನ್ ಆರಿಸಿ ಹಳೆಯದನ್ನು ತೆಗೆದು, ಹೊಸದನ್ನು ಹಾಕಿ, ತಿರುವನಂತಪುರದ ಜನಶತಾಬ್ದಿ ರೈಲು ಹತ್ತಿದಳು. ಹೊರಡುವ ಮೊದಲು ನಡೆದದ್ದನ್ನೆಲ್ಲ ಬರೆದು ಕಂಪನಿಯ ಮೇಲ್ಮನವಿ ಅಧಿಕಾರಿಗೆ ಮೇಲ್ ಮಾಡಿದಳು. ಸೇರಿಸಿದ್ದು ತಾನು, ಅಳಿಸಿದೆ ಎಂದು ಸಹಿ ಮಾಡಿದ್ದು ಮಹೇಶ್ವರ, ಉತ್ತರ ಸುಳ್ಳು, ಉಳಿದ ಹತ್ತು ನಂಬರು ಇನ್ನೂ ಅಲ್ಲೇ ಇವೆ, ನೋಡಿಕೊಳ್ಳಿ. ಕೆಲಸ ಉಳಿಯುವುದಿಲ್ಲ ಎಂದು ಗೊತ್ತಿತ್ತು.

ಬಾಗಿಲು ತೆಗೆದವನು ಅದ್ವೈತ್. ಒಳಗೆ ಬನ್ನಿ ಎನ್ನಲಿಲ್ಲ. "ನಿಮ್ಮ ಲೆಟರ್ ಸಿಕ್ಕಿತು ಆಂಟಿ," ಎಂದ, ಮಲಯಾಳದಲ್ಲಿ.

"ಅದು ಸುಳ್ಳು. ನಂಬು ಅಂತ ಹೇಳುದಿಲ್ಲ, ತೋರಿಸ್ತೇನೆ. ನಿನ್ನ ಅಪ್ಪನ ಫೋನ್ ತಾ."

ಅವನು ತಂದ. ಅಪ್ಪನ ಸಿಮ್ಮಿನ ಜೀವ ಹೋಗದಂತೆ ರೀಚಾರ್ಜ್ ಮಾಡಿಸಿಟ್ಟಿದ್ದ. ಶಾಂತಾ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ವಾರಿಜಾ ತನ್ನ ಫೋನನ್ನು ಅದ್ವೈತನ ಅಂಗೈಯಲ್ಲಿಟ್ಟಳು.

"ಆನ್ ಉಂಟಲ್ವಾ? ಸಿಗ್ನಲ್ ನೋಡು. ಈಗ ನಿನ್ನ ಫೋನಿನಿಂದ ನನಗೆ ಕರೆ ಮಾಡು."

ಅವನ ಫೋನು ಬೇರೆ ಕಂಪನಿಯದು. ಅಂಗೈಯಲ್ಲಿ ವಾರಿಜಾಳ ಫೋನು ನಡುಗಿ ರಿಂಗಾಯಿತು.

"ನಿನ್ನ ಕಂಪನಿ ಅದರ ಪುಸ್ತಕ ನೋಡಿತು. ಈ ನಂಬರ್ ಹೊಸ ಕಂಪನಿಗೆ ಹೋಗಿದೆ ಅಂತ ತಿಳ್ಕೊಂಡು ಕರೆಯನ್ನು ಅಲ್ಲಿಗೆ ದಾಟಿಸಿತು. ಆ ಕಂಪನಿ ತನ್ನ ರಿಜಿಸ್ಟರಲ್ಲಿ ಈ ಫೋನ್ ಕೊನೆಗೆ ಯಾವ ಪ್ರದೇಶದಲ್ಲಿ ಕಾಣಿಸಿಕೊಂಡಿದೆ ನೋಡಿ, ಅಲ್ಲಿಯ ಸ್ವಿಚ್ಚಿಗೆ ಕಳಿಸಿತು. ಅಲ್ಲಿಯ ಟವರ್‌ಗಳು ಇದನ್ನು ಕೂಗಿದವು, ಇದು ಓಗೊಟ್ಟಿತು. ಆಯ್ತಾ? ಈಗ ಅಪ್ಪನ ಫೋನಿನಿಂದ ಮಾಡು."

ಅದ್ವೈತ್ ಅಪ್ಪನ ಫೋನಿನಲ್ಲಿ ಅವಳ ನಂಬರು ಒತ್ತಿ, ಸ್ಪೀಕರಿಗೆ ಹಾಕಿದ. ಅಂಗೈಯಲ್ಲಿದ್ದ ಫೋನು ಅಲುಗಲಿಲ್ಲ. ಬೆಳಕಾಗಿ, ಗೆರೆ ತುಂಬಿ, ಸುಮ್ಮನೆ ಇತ್ತು. ಕೋಣೆಯಲ್ಲಿ ಆ ಹೆಣ್ಣುದನಿ ಮೊದಲು ಮಲಯಾಳದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿತು: ನೀವು ಕರೆ ಮಾಡಿದ ಚಂದಾದಾರರು ಫೋನ್ ಸ್ವಿಚ್ ಆಫ್ ಮಾಡಿದ್ದಾರೆ.

ಅವನು ಮತ್ತೆ ಮಾಡಿದ. ಮತ್ತೆ ಅದೇ. ಒಂದು ಕೈಯಲ್ಲಿ ಅಪ್ಪನ ಫೋನು, ಒಂದು ಕೈಯಲ್ಲಿ ಬದುಕಿರುವ ಫೋನು, ಎರಡನ್ನೂ ನೋಡುತ್ತ ನಿಂತ.

"ನಮ್ಮ ಕಂಪನಿ ಪುಸ್ತಕ ನೋಡ್ಲೇ ಇಲ್ಲ," ವಾರಿಜಾ ಹೇಳಿದಳು. "ಹಳೇ ಸಿಮ್ಮಿನ ದಾಖಲೆ ನೋಡಿ ಉತ್ತರ ಕೊಟ್ಟಿತು. ಆವತ್ತೂ ಹೀಗೇ. ಅಮ್ಮನ ಫೋನ್ ಆನ್ ಇತ್ತು ಅದ್ವೈತ್."

ಅವನು ತಾಯಿಯ ಕಡೆಗೆ ತಿರುಗಿದ. ಹುಟ್ಟಿದಾಗಿನಿಂದ ಮಲಯಾಳದಲ್ಲೇ ಉತ್ತರ ಕೊಟ್ಟ ಹುಡುಗ, "ಅವ್ವಾ," ಎಂದ. ಅಲ್ಲೇ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡ. ಶಾಂತಾ ಬಂದು ಅವನ ತಲೆಯ ಮೇಲೆ ಕೈಯಿಟ್ಟಳು.

"ನನ್ನ ನಂಬರು ಆ ಪಟ್ಟಿಯಾಗ ಯಾರು ಹಾಕಿದ್ರು?" ಎಂದು ಕೇಳಿದಳು, ವಾರಿಜಾಳ ಕಡೆ ನೋಡದೆಯೇ.

"ನಾನೇ. ಹನ್ನೊಂದು ಗಂಟೆಗೆ ಕರೆ ಮಾಡ್ತಿದ್ದೆನಲ್ಲ, ಅದಕ್ಕೆ."

"ನನ್ನ ಕೇಳಿದ್ದಿಲ್ಲ."

"ಇಲ್ಲ ಶಾಂತಕ್ಕ."

"ಆ ಕಾಗದ ಬರೂಮಟ ನನ್ನ ಫೋನ್ ಎತ್ತಲಿಲ್ಲ."

"ಎತ್ತಲಿಲ್ಲ."

ಶಾಂತಾ ತಲೆಯಾಡಿಸಿದಳು, ಲೆಕ್ಕ ಸರಿಯಿದೆ ಎನ್ನುವ ಹಾಗೆ. ಆಮೇಲೆ ಮಗನ ಕೈಯಿಂದ ಗಂಡನ ಫೋನು ತೆಗೆದುಕೊಂಡು, ಸ್ಪೀಕರ್ ಆರಿಸಿ, ಅದೇ ನಂಬರನ್ನು ಇನ್ನೊಮ್ಮೆ ಒತ್ತಿ ಕಿವಿಗಿಟ್ಟುಕೊಂಡಳು. ಮಲಯಾಳದ ಮಾತು ಮುಗಿಯಿತು, ಇಂಗ್ಲಿಷಿನದೂ ಮುಗಿಯಿತು, ಕರೆ ತಾನಾಗಿಯೇ ಕಡಿಯಿತು. ಅವಳು ಮತ್ತೆ ಒತ್ತಿ ಕೇಳಿದಳು. ಮತ್ತೊಂದು ಸಲ ಕೇಳಿದಳು.

"ಮೂರು ಸಲ," ಎಂದಳು. "ನಾ ಸಿಟ್ಟಾಗೀನಿ ಅಂತ ತಿಳ್ಕೊಂಡs ಹೋದ್ರು."

ವಾರಿಜಾ ತನ್ನ ಫೋನನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಯಾರೂ ಕೂರು ಎನ್ನಲಿಲ್ಲ, ಊಟವಾಯಿತೇ ಎಂದು ಶಾಂತಕ್ಕ ಕೇಳಲಿಲ್ಲ.